ಬಿಸಿಯಾದಾಗ ಮಾತ್ರ ಕೈಕೊಡುವ ಮೋಟಾರ್: ಸಪ್ಲೈಯರ್‌ಗೆ ದೂರು ಬರೆಯುವುದು ಹೇಗೆ

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಒಂದು ವರ್ಕ್‌ಶಾಪ್ ಇದೆ ಅಂತ ಇಟ್ಟುಕೊಳ್ಳಿ. ಚನ್ನಗಿರಿ ಸುತ್ತಮುತ್ತಲಿನ ಅಡಿಕೆ ತೋಟಗಳಿಗೆ ಬ್ಯಾಟರಿ ಗಾಡಿ ಮಾಡಿಕೊಡುವುದು ಅವರ ಕೆಲಸ. ತೋಟದೊಳಗೆ ಗೊಬ್ಬರ ಹೊತ್ತು ಹೋಗಬೇಕು, ಗೊನೆ ಹೊತ್ತು ಬರಬೇಕು, ಅಷ್ಟೇ. ಪ್ರತಿ ಗಾಡಿಗೂ 48 ವೋಲ್ಟಿನ, 1000 ವ್ಯಾಟಿನ ಒಂದು ಬಿಎಲ್‌ಡಿಸಿ ಮೋಟಾರ್. ಬೆಂಗಳೂರಿನ ಒಬ್ಬ ತಯಾರಕರಿಂದ 40 ಮೋಟಾರ್ ತರಿಸಿದ್ದಾರೆ. ಹದಿನಾಲ್ಕು ಗಾಡಿ ಕಟ್ಟಿ ಕೊಟ್ಟಿದ್ದೂ ಆಗಿದೆ. ಆಮೇಲೆ ಫೋನ್ ಶುರುವಾಗುತ್ತದೆ.

"ಅಣ್ಣಾ, ಅರ್ಧ ಗಂಟೆ ಚೆನ್ನಾಗಿ ಓಡುತ್ತೆ. ಆಮೇಲೆ ಗಡಗಡ ಅಂದು ನಿಂತುಬಿಡುತ್ತೆ. ಟೀ ಕುಡಿದು ಬಂದು ನೋಡಿದ್ರೆ ಮತ್ತೆ ಓಡುತ್ತೆ."

ಗಾಡಿ ವರ್ಕ್‌ಶಾಪಿಗೆ ಬರುತ್ತದೆ. ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಸ್ಟ್ಯಾಂಡಿಗೆ ಹಾಕಿ ತಿರುಗಿಸಿದರೆ ಏನೂ ತೊಂದರೆಯಿಲ್ಲ. ಇಂಥ ದೋಷದ ಬಗ್ಗೆ ಸಪ್ಲೈಯರ್‌ಗೆ ದೂರು ಬರೆಯುವುದು ಬಹಳ ಕಷ್ಟ. ಯಾಕೆಂದರೆ ನೀವು ಮೋಟಾರ್ ವಾಪಸ್ ಕಳಿಸಿದರೆ ಅವರೂ ಅದನ್ನು ತಣ್ಣಗಿರುವಾಗಲೇ ಟೇಬಲ್ ಮೇಲೆ ಇಟ್ಟು ನೋಡುತ್ತಾರೆ. "ನಮ್ಮಲ್ಲಿ ಓಕೆ ಇದೆ ಸಾರ್" ಅಂತ ಅದೇ ಬಾಕ್ಸಿನಲ್ಲಿ ತಿರುಗಿ ಬರುತ್ತದೆ. ಟ್ರಾನ್ಸ್‌ಪೋರ್ಟ್ ಖರ್ಚು ನಿಮ್ಮ ತಲೆಗೆ.

ಸಿಟ್ಟಿನಲ್ಲಿ ಬರೆಯುವ ಮೊದಲ ಪತ್ರ ಹೆಚ್ಚುಕಡಿಮೆ ಹೀಗಿರುತ್ತದೆ: "ನೀವು ಕಳಿಸಿದ ಮೋಟಾರ್ ಎಲ್ಲಾ ಡಬ್ಬಾ. ಗಿರಾಕಿಗಳ ಮುಂದೆ ಮರ್ಯಾದೆ ಹೋಯ್ತು. ನಿಮ್ಮ ಮೋಟಾರಿನ ಸೆನ್ಸರ್ ಲೋಕಲ್ ಮಾಲು. ಕೂಡಲೇ ಪೂರ್ತಿ ದುಡ್ಡು ವಾಪಸ್ ಕೊಡಿ, ಇಲ್ಲದಿದ್ದರೆ ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇವೆ."

ಸಿಟ್ಟು ನ್ಯಾಯವೇ. ಆದರೆ ಈ ಪತ್ರದಲ್ಲಿ ಸಪ್ಲೈಯರ್ ಹಿಡಿದು ಪರೀಕ್ಷೆ ಮಾಡಬಹುದಾದ ಒಂದೇ ಒಂದು ವಿಷಯವೂ ಇಲ್ಲ. "ಎಲ್ಲಾ" ಅನ್ನುವುದು ಸುಳ್ಳು, ಕೆಲವು ಚೆನ್ನಾಗಿಯೇ ಓಡುತ್ತಿವೆ. "ಲೋಕಲ್ ಮಾಲು" ಅನ್ನುವುದು ಊಹೆ. ಕನ್ಸ್ಯೂಮರ್ ಕೋರ್ಟಿನ ಬೆದರಿಕೆಗೂ ಜಾಸ್ತಿ ತೂಕವಿಲ್ಲ. ವ್ಯಾಪಾರಕ್ಕಾಗಿ ಕೊಂಡ ಮಾಲಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡುವವರಿಗೆ ಅದರಲ್ಲಿ ವಿನಾಯಿತಿ ಇದೆ, ನಿಜ. ಆದರೆ ಕೆಲಸಗಾರರನ್ನಿಟ್ಟು ಗಾಡಿ ಕಟ್ಟಿ ಮಾರುವ ವರ್ಕ್‌ಶಾಪ್ ಆ ವಿನಾಯಿತಿಯೊಳಗೆ ಬರುವುದು ಕಷ್ಟ. ಇದು ಸಪ್ಲೈಯರ್‌ಗೆ ಚೆನ್ನಾಗಿ ಗೊತ್ತಿರುತ್ತದೆ.

ಇಂಥ ಪತ್ರಕ್ಕೆ ಬರುವ ಉತ್ತರವೂ ಗೊತ್ತಿರುವುದೇ. ಒಂದು, ನಿಮ್ಮ ಕಂಟ್ರೋಲರ್ ಸರಿಯಿಲ್ಲ. ಎರಡು, ನೀವು ವೈರ್ ತಪ್ಪು ಜೋಡಿಸಿದ್ದೀರಿ. ಮೂರು, ಓವರ್‌ಲೋಡ್ ಮಾಡಿದ್ದೀರಿ. ಒಳ್ಳೆಯ ದೂರು ಪತ್ರ ಅಂದರೆ ಈ ಮೂರು ಉತ್ತರಕ್ಕೂ ಮೊದಲೇ ಬಾಗಿಲು ಹಾಕಿದ ಪತ್ರ. ಅದಕ್ಕೆ ಪೆನ್ನು ಹಿಡಿಯುವ ಮುಂಚೆ ಮಲ್ಟಿಮೀಟರ್ ಹಿಡಿಯಬೇಕು.

ಬಿಎಲ್‌ಡಿಸಿ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇಲ್ಲ. ತಿರುಗುವ ಭಾಗದಲ್ಲಿ ಆಯಸ್ಕಾಂತ, ನಿಂತ ಭಾಗದಲ್ಲಿ ತಾಮ್ರದ ವೈಂಡಿಂಗ್. ಹಳದಿ, ಹಸಿರು, ನೀಲಿ ಅಂತ ಮೂರು ದಪ್ಪ ವೈರ್ ಹೊರಗೆ ಬರುತ್ತವೆ. ಯಾವ ಗಳಿಗೆಯಲ್ಲಿ ಯಾವ ವೈರಿಗೆ ಕರೆಂಟ್ ಕೊಡಬೇಕು ಅನ್ನುವುದನ್ನು ಕಂಟ್ರೋಲರ್ ತೀರ್ಮಾನಿಸುತ್ತದೆ. ಹಾಗೆ ತೀರ್ಮಾನಿಸಲು ಆಯಸ್ಕಾಂತ ಈಗ ಎಲ್ಲಿದೆ ಅಂತ ಅದಕ್ಕೆ ಗೊತ್ತಾಗಬೇಕು. ಆ ಸುದ್ದಿ ಕೊಡುವುದು ಒಳಗೆ ಕೂತಿರುವ ಮೂರು ಹಾಲ್ ಸೆನ್ಸರ್‌ಗಳು. ಕಂಡಕ್ಟರ್ ಸೀಟಿ ಹೊಡೆಯದೆ ಡ್ರೈವರ್ ಬಸ್ ಬಿಡುವುದಿಲ್ಲ ಅಲ್ವಾ, ಹಾಗೆ. ಈ ಸೆನ್ಸರ್‌ಗಳಿಗೆ ಬೇರೆ ಐದು ಸಣ್ಣ ವೈರ್ ಇರುತ್ತವೆ: ಕೆಂಪು 5 ವೋಲ್ಟ್ ಸಪ್ಲೈ, ಕಪ್ಪು ನೆಗೆಟಿವ್, ಉಳಿದ ಮೂರು, ಇವೂ ಹಳದಿ, ಹಸಿರು, ನೀಲಿಯೇ, ಒಂದೊಂದು ಸೆನ್ಸರಿನ ಸಿಗ್ನಲ್.

ಪ್ರತಿ ಸೆನ್ಸರ್ ಹೇಳುವುದು ಎರಡೇ ಮಾತು, 1 ಅಥವಾ 0. ಮೂರೂ ಸೇರಿದರೆ ಎಂಟು ಸಂಕೇತ ಆಗಬಹುದು. ಆದರೆ ಸಾಮಾನ್ಯವಾಗಿ ಬಳಸುವ 120 ಡಿಗ್ರಿ ಜೋಡಣೆಯಲ್ಲಿ ಆರು ಮಾತ್ರ ಬರುತ್ತವೆ. ಮೋಟಾರ್ ತಿರುಗುತ್ತಿದ್ದಂತೆ ಅವು ಹೀಗೆ ಸರದಿ ಪ್ರಕಾರ ಬದಲಾಗುತ್ತವೆ:

```
101  100  110  010  011  001
```

000 ಮತ್ತು 111 ಬರಲೇಬಾರದು. ಬಂದರೆ ಕಂಟ್ರೋಲರ್ "ಸೆನ್ಸರ್ ಕೆಟ್ಟಿದೆ" ಅಂದುಕೊಂಡು ಕರೆಂಟ್ ನಿಲ್ಲಿಸುತ್ತದೆ.

ಈಗ ಮೊದಲನೇ ಸೆನ್ಸರ್ ಬಿಸಿಗೆ ಕೈಕೊಟ್ಟು 1ರಲ್ಲೇ ನಿಂತಿತು ಅಂತಿಟ್ಟುಕೊಳ್ಳಿ. ಸತ್ತ ಹಾಲ್ ಸೆನ್ಸರ್ ಸಾಮಾನ್ಯವಾಗಿ ಹೀಗೇ ಮೇಲೇ ನಿಂತುಬಿಡುತ್ತದೆ. ಯಾಕೆಂದರೆ ಸಿಗ್ನಲ್ ವೈರನ್ನು 5 ವೋಲ್ಟಿಗೆ ಎತ್ತಿ ಹಿಡಿಯುವುದು ಕಂಟ್ರೋಲರ್. ಸೆನ್ಸರಿನ ಕೆಲಸ ಅದನ್ನು ಕೆಳಗೆ ಎಳೆಯುವುದು ಮಾತ್ರ. ಎಳೆಯುವವನೇ ಇಲ್ಲದಿದ್ದರೆ ವೈರ್ ಮೇಲೇ ಇರುತ್ತದೆ. ಆಗ ಮೇಲಿನ ಸರದಿ ಏನಾಗುತ್ತದೆ ನೋಡಿ:

```
101  100  110  110  111  101
```

ಮೊದಲ ಮೂರು ಹೆಜ್ಜೆ ಸರಿ. ನಾಲ್ಕನೆಯದು ಮತ್ತು ಆರನೆಯದು ಸುಳ್ಳು ಸುದ್ದಿ, ಕಂಟ್ರೋಲರ್ ತಪ್ಪು ವೈರಿಗೆ ಕರೆಂಟ್ ಕೊಡುತ್ತದೆ. ಐದನೆಯದು 111, ಕರೆಂಟೇ ಬಂದ್. ರೈತರು ಫೋನಿನಲ್ಲಿ ಹೇಳಿದ "ಗಡಗಡ ಅಂದು ನಿಂತುಬಿಡುತ್ತೆ" ಅನ್ನುವುದು ಇದೇ. ಮೋಟಾರ್ ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ, ಕೆಲವು ಸಲ ಗಾಡಿಯನ್ನು ಕೈಯಿಂದ ಸ್ವಲ್ಪ ತಳ್ಳಿದರೆ ಒಂದು ಜರ್ಕ್ ಹೊಡೆದು ಮತ್ತೆ ನಿಲ್ಲುತ್ತದೆ.

ಸರಿ, ಇದನ್ನು ಹಿಡಿಯುವುದು ಹೇಗೆ? ಗಾಡಿಯ ಮೇಲೆ ಮೂರು ಕ್ವಿಂಟಲ್ ಸಿಮೆಂಟ್ ಚೀಲ ಹೇರಿ, ಗಿರಾಕಿಯ ತೋಟದಲ್ಲಿ ಓಡುವ ಹಾಗೆಯೇ ಓಡಿಸಬೇಕು. ಸುಮ್ನೆ ಸ್ಟ್ಯಾಂಡಿನ ಮೇಲೆ ಖಾಲಿ ತಿರುಗಿಸಿದರೆ ಮೋಟಾರ್ ಬಿಸಿಯೇ ಆಗುವುದಿಲ್ಲ, ದಿನವಿಡೀ ತಿರುಗಿಸಿದರೂ ದೋಷ ಹೊರಬರುವುದಿಲ್ಲ. ಗಾಡಿ ನಿಂತ ತಕ್ಷಣ ಮೂರು ದಪ್ಪ ವೈರ್ ಕಳಚಬೇಕು. ಹಾಲ್ ಕನೆಕ್ಟರ್ ಕಂಟ್ರೋಲರಿಗೆ ಹಾಗೇ ಇರಲಿ, ಕೀ ಆನ್ ಇರಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ, ಕೆಂಪು ಕಡ್ಡಿಯನ್ನು ಕನೆಕ್ಟರಿನ ಹಿಂದಿನಿಂದ ಒಂದೊಂದೇ ಸಿಗ್ನಲ್ ವೈರಿಗೆ ತಾಗಿಸಿ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಒಳ್ಳೆಯ ಸೆನ್ಸರ್ ಸೊನ್ನೆಯ ಹತ್ತಿರ, 5ರ ಹತ್ತಿರ, ಸೊನ್ನೆ, 5 ಅಂತ ಹಾರುತ್ತಿರುತ್ತದೆ. ನಮ್ಮ ಉದಾಹರಣೆಯ ಮೋಟಾರಿನಲ್ಲಿ ಹಳದಿ ಮತ್ತು ನೀಲಿ ಹಾರುತ್ತಿವೆ. ಹಸಿರು ಮಾತ್ರ 5ರಲ್ಲೇ ನಿಂತಿದೆ. ಅರ್ಧ ಗಂಟೆ ಬಿಟ್ಟು ಅದೇ ವೈರ್ ಮುಟ್ಟಿದರೆ ಹಸಿರೂ ಹಾರುತ್ತಿದೆ. ಇದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಒಂದೇ ಫ್ರೇಮಿನಲ್ಲಿ ಮೋಟಾರಿನ ಸ್ಟಿಕರ್, ಮೀಟರ್ ಮತ್ತು ತಿರುಗುತ್ತಿರುವ ಚಕ್ರ ಕಾಣಬೇಕು. ಸ್ಟಿಕರ್ ಕಾಣದ ವಿಡಿಯೋ ಯಾವ ಮೋಟಾರಿನದ್ದು ಅಂತ ಯಾರೂ ನಂಬಬೇಕಿಲ್ಲ.

ಅದೇ ಹೊತ್ತಿಗೆ ಕೆಂಪು ವೈರಿನ ವೋಲ್ಟೇಜನ್ನೂ ಬರೆದುಕೊಳ್ಳಿ. ಕಂಟ್ರೋಲರ್ ಬಿಸಿಯಾಗಿ ಅದರ 5 ವೋಲ್ಟ್ ಸಪ್ಲೈಯೇ ಕುಸಿದಿದ್ದರೆ ತಪ್ಪು ಮೋಟಾರಿನದ್ದಲ್ಲ. 5 ವೋಲ್ಟ್ ಗಟ್ಟಿಯಾಗಿದ್ದು, ಒಂದೇ ಸೆನ್ಸರ್ ಸತ್ತಿದ್ದರೆ ಕಂಟ್ರೋಲರಿನ ಮೇಲೆ ಹಾಕುವ ದೂರು ಅರ್ಧ ಬಿದ್ದುಹೋಯಿತು. ಇನ್ನರ್ಧಕ್ಕೆ ಅದಲು ಬದಲು ಪರೀಕ್ಷೆ ಮಾಡಬೇಕು. ಬಿಸಿ ಮೋಟಾರನ್ನು ತಣ್ಣಗಿರುವ ಇನ್ನೊಂದು ಕಂಟ್ರೋಲರಿಗೆ ಹಾಕಿ: ಓಡುವುದಿಲ್ಲ. ಆ ಬಿಸಿ ಕಂಟ್ರೋಲರಿಗೆ ತಣ್ಣಗಿನ ಮೋಟಾರ್ ಹಾಕಿ: ಓಡುತ್ತದೆ. ಇದನ್ನು ಬೇಗ ಮಾಡಬೇಕು, ಮೋಟಾರ್ ಆರಿಹೋದರೆ ಪರೀಕ್ಷೆಯೂ ಕೆಟ್ಟಿತು. ಎರಡು ಗಾಡಿ ಪಕ್ಕಪಕ್ಕ ನಿಲ್ಲಿಸಿಕೊಂಡು, ಕನೆಕ್ಟರುಗಳನ್ನು ಮೊದಲೇ ಹೊರಗೆ ಎಳೆದಿಟ್ಟುಕೊಂಡರೆ ಒಬ್ಬ ಹುಡುಗನೇ ಮಾಡಿ ಮುಗಿಸುತ್ತಾನೆ.

ವೈರ್ ತಪ್ಪು ಜೋಡಣೆಯ ಮಾತಿಗೆ ಉತ್ತರ ಸುಲಭ. ಮೂರು ದಪ್ಪ ವೈರ್, ಮೂರು ಸಿಗ್ನಲ್ ವೈರ್ ಅದಲು ಬದಲಾದರೆ ಮೋಟಾರ್ ಮೊದಲ ನಿಮಿಷದಲ್ಲೇ ಒರಟಾಗಿ ಗುಂಯ್‌ಗುಡುತ್ತದೆ, ಖಾಲಿ ಓಡಿದರೂ ಜಾಸ್ತಿ ಕರೆಂಟ್ ತಿನ್ನುತ್ತದೆ, ಇಲ್ಲವೇ ಹಿಂದಕ್ಕೆ ತಿರುಗುತ್ತದೆ. ಅರ್ಧ ಗಂಟೆ ನಯವಾಗಿ ಓಡಿ ಆಮೇಲೆ ತಪ್ಪಾಗುವ ಜೋಡಣೆ ಅಂತ ಒಂದಿಲ್ಲ. ಕನೆಕ್ಟರಿನ ಪಿನ್ ಸಡಿಲವಾಗಿದ್ದರೆ ಮಾತ್ರ ಅನುಮಾನ ಉಳಿಯುತ್ತದೆ. ಅದಕ್ಕೇ ಅಳತೆಯನ್ನು ಮೋಟಾರಿನಿಂದ ಬರುವ ವೈರಿನ ಬದಿಯಲ್ಲೇ ತೆಗೆಯಿರಿ.

ಓವರ್‌ಲೋಡ್ ವಿಷಯಕ್ಕೆ ಎರಡು ಅಂಕಿ ಬೇಕು. ಮೊದಲನೆಯದು ಬ್ಯಾಟರಿಯಿಂದ ಹೋಗುವ ಕರೆಂಟ್. 1000 ವ್ಯಾಟ್ ಅನ್ನುವುದು ಮೋಟಾರ್ ಹೊರಗೆ ಕೊಡುವ ಶಕ್ತಿ. ಮೋಟಾರ್ ದಕ್ಷತೆ ಶೇ. 80 ಅಂತ ಹಿಡಿದರೆ ಒಳಗೆ 1250 ವ್ಯಾಟ್ ಹೋಗಬೇಕು. ಅದನ್ನು 48ರಿಂದ ಭಾಗಿಸಿದರೆ 26 ಆಂಪಿಯರ್. ಚೀಲ ಹೇರಿ ಓಡಿಸುವಾಗ ಬ್ಯಾಟರಿ ವೈರಿಗೆ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ 19 ಆಂಪಿಯರ್ ಆಸುಪಾಸು ಇದೆ. ಅಂದರೆ ಮೋಟಾರ್ ತನ್ನ ಲೆಕ್ಕದೊಳಗೇ ಇದೆ. ಒಂದು ಎಚ್ಚರಿಕೆ: ಎಷ್ಟೋ ಅಂಗಡಿಗಳಲ್ಲಿ ಇರುವ ಕ್ಲಾಂಪ್ ಮೀಟರ್ ಎಸಿ ಮಾತ್ರ ಅಳೆಯುತ್ತದೆ. ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಡಿಸಿ ಅಳೆಯುವ ಕ್ಲಾಂಪ್ ಮೀಟರೇ ಬೇಕು.

ಎರಡನೆಯದು ತಾಮ್ರದ ನಿಜವಾದ ಬಿಸಿ. ಹೊರಮೈ ಮುಟ್ಟಿ "ಕೈ ಸುಡುತ್ತೆ" ಅಂತ ಬರೆದರೆ ಅದು ಅಳತೆಯಲ್ಲ. ಒಳಗಿನ ವೈಂಡಿಂಗ್ ಎಷ್ಟು ಬಿಸಿಯಾಗಿದೆ ಅಂತ ಮೋಟಾರ್ ಬಿಚ್ಚದೆಯೇ ತಿಳಿಯುವ ಹಳೆಯ ಉಪಾಯ ಒಂದಿದೆ. ತಾಮ್ರ ಒಂದೊಂದು ಡಿಗ್ರಿ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಸುಮಾರು ಶೇ. 0.39ರಷ್ಟು ಏರುತ್ತದೆ. ಈ ಮೋಟಾರಿನ ರೆಸಿಸ್ಟೆನ್ಸ್ ಬಹಳ ಕಡಿಮೆ, ಮಾಮೂಲಿ ಮೀಟರಿಗೆ ಸಿಗುವುದಿಲ್ಲ. ಅದಕ್ಕೆ ಕರೆಂಟ್ ಮಿತಿ ಇಡಬಹುದಾದ ಪವರ್ ಸಪ್ಲೈಯಿಂದ ಎರಡು ದಪ್ಪ ವೈರ್ ನಡುವೆ 5 ಆಂಪಿಯರ್ ಹರಿಸಿ. ವೋಲ್ಟೇಜನ್ನು ಕ್ಲಿಪ್ಪಿನ ಮೇಲಲ್ಲ, ಮೋಟಾರಿನ ವೈರಿನ ಮೇಲೇ ಅಳೆಯಿರಿ. ಬೆಳಿಗ್ಗೆ 30 ಡಿಗ್ರಿಯಲ್ಲಿ ತಣ್ಣಗಿದ್ದಾಗ 0.40 ವೋಲ್ಟ್ ಬಂತು. ಗಾಡಿ ನಿಂತ ಒಂದು ನಿಮಿಷದೊಳಗೆ ಅದೇ ಎರಡು ವೈರಿನ ಮೇಲೆ 0.48 ವೋಲ್ಟ್ ಬಂತು. ಏರಿಕೆ ಶೇ. 20. ಅಂದರೆ ತಾಮ್ರ ಸುಮಾರು 50 ಡಿಗ್ರಿ ಮೇಲೆ ಹೋಗಿದೆ, ಒಟ್ಟು 80 ಡಿಗ್ರಿಯ ಹತ್ತಿರ. ಮೋಟಾರಿನ ಸ್ಟಿಕರ್ ಮೇಲೆ ಇನ್ಸುಲೇಷನ್ ಕ್ಲಾಸ್ ಬಿ ಅಂತ ಇದೆ. ಕ್ಲಾಸ್ ಬಿ ಅಂದರೆ 130 ಡಿಗ್ರಿವರೆಗೆ ತಡೆಯಬೇಕು. 80ಕ್ಕೆ ಒಂದು ಸೆನ್ಸರ್ ಸತ್ತರೆ ಅದು ಓವರ್‌ಲೋಡ್ ಅಲ್ಲ. ಈ ಒಂದು ವಾಕ್ಯಕ್ಕಿರುವ ಬಲ ಮೊದಲ ಪತ್ರದ ಅಷ್ಟೂ ಸಿಟ್ಟಿಗೆ ಇರಲಿಲ್ಲ.

ಯಾಕೆ ಸಾಯುತ್ತದೆ? ಹಾಲ್ ಸೆನ್ಸರ್‌ಗಳು ವೈಂಡಿಂಗ್ ಮಗ್ಗುಲಲ್ಲೇ ಕೂತಿರುತ್ತವೆ, ತಾಮ್ರದ ಬಿಸಿ ಅವಕ್ಕೂ ತಾಗುತ್ತದೆ. ಈ ಸೆನ್ಸರ್‌ಗಳಲ್ಲಿ 85 ಡಿಗ್ರಿವರೆಗೆ ಮಾತ್ರ ಕೆಲಸ ಮಾಡುವಂಥವೂ ಇವೆ, 150 ಡಿಗ್ರಿ ತಡೆಯುವಂಥವೂ ಇವೆ. ನೋಡಲು ಎರಡೂ ಒಂದೇ ತರ, ಮೂರು ಕಾಲಿನ ಕಡಲೆಬೇಳೆಯಷ್ಟು ಕಪ್ಪು ತುಣುಕು. ಕಡಿಮೆ ದರ್ಜೆಯದು ಬಂದಿರಬಹುದು. ಆದರೆ ಬೆಸುಗೆ ಬಿರುಕು ಬಿಟ್ಟು ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪಿದರೂ ಇದೇ ಲಕ್ಷಣ ಬರುತ್ತದೆ. ಹೊರಗಿನಿಂದ ಇವೆರಡನ್ನು ಬೇರೆ ಮಾಡಿ ಹೇಳಲು ಆಗುವುದಿಲ್ಲ. ಹಾಗಾಗಿ ಪತ್ರದಲ್ಲಿ ಲಕ್ಷಣವನ್ನು ಖಚಿತವಾಗಿ ಬರೆಯಿರಿ, ಕಾರಣವನ್ನು ಅನುಮಾನ ಅಂತಲೇ ಬರೆಯಿರಿ. "ಸೆನ್ಸರ್ ಲೋಕಲ್" ಅಂತ ಆಣೆ ಮಾಡಿ ಹೇಳಿ, ಅವರು ಬಿಚ್ಚಿದಾಗ ಒಳ್ಳೆಯ ಸೆನ್ಸರ್ ಸಿಕ್ಕರೆ ನಿಮ್ಮ ಉಳಿದ ಮಾತೂ ಹಾರಿಹೋಗುತ್ತದೆ. ಕುತೂಹಲಕ್ಕೆ ನೀವೇ ಮೋಟಾರ್ ಬಿಚ್ಚಲೂ ಬೇಡಿ. ಬಿಚ್ಚಿದ ಮೋಟಾರಿಗೆ ವಾರಂಟಿ ಇಲ್ಲ ಅನ್ನುವುದಕ್ಕೆ ಅವರಿಗೆ ಅಷ್ಟು ಸಾಕು.

ಇನ್ನು ಎಷ್ಟು ಮೋಟಾರ್ ಕೆಟ್ಟಿವೆ ಅನ್ನುವ ಪ್ರಶ್ನೆ. ಕಟ್ಟಿದ 14 ಗಾಡಿಗಳಲ್ಲಿ 5 ನಿಂತಿವೆ. ಬಾಕ್ಸಿನಲ್ಲೇ ಇದ್ದ 26ರಲ್ಲಿ 10 ತೆಗೆದು ಇದೇ ರೀತಿ ಬಿಸಿ ಮಾಡಿ ನೋಡಿದರೆ 4 ನಿಂತಿವೆ. 24ಕ್ಕೆ 9. ಇಲ್ಲಿ ನಿಲ್ಲಿಸಿ "40ನ್ನೂ ವಾಪಸ್ ತಗೊಳ್ಳಿ" ಅಂತ ಬರೆಯುವ ಮುಂಚೆ ಸ್ಟಿಕರ್‌ಗಳನ್ನು ಒಂದು ಸಲ ಸಾಲಾಗಿ ಬರೆದು ನೋಡಿ. ನಮ್ಮ ಉದಾಹರಣೆಯಲ್ಲಿ 18 ಮೋಟಾರಿನ ಕ್ರಮಸಂಖ್ಯೆ 'ಎ'ಯಿಂದ ಶುರುವಾಗುತ್ತದೆ, 22ರದ್ದು 'ಬಿ'ಯಿಂದ. ಪರೀಕ್ಷೆಗೆ ಸಿಕ್ಕ 11 ಎ ಮೋಟಾರುಗಳಲ್ಲಿ ಒಂದೂ ನಿಂತಿಲ್ಲ. 13 ಬಿ ಮೋಟಾರುಗಳಲ್ಲಿ 9 ನಿಂತಿವೆ. ಇದು ಚಿನ್ನದಂಥ ಮಾಹಿತಿ. ದೋಷ ಒಂದು ಬ್ಯಾಚಿನದ್ದು, ನಿಮ್ಮ ಬಳಕೆಯದ್ದಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದೇ ಗಾಡಿ, ಅದೇ ಚೀಲ, ಅದೇ ಕಂಟ್ರೋಲರ್, ಎ ಓಡುತ್ತದೆ, ಬಿ ನಿಲ್ಲುತ್ತದೆ. ಜೊತೆಗೆ ನಿಮ್ಮ ಬೇಡಿಕೆ 40ರಿಂದ 22ಕ್ಕೆ ಇಳಿಯಿತು. ಇಳಿದ ಬೇಡಿಕೆಗೆ ಒಪ್ಪಿಗೆ ಸಿಗುವುದು ಸುಲಭ. ಇನ್ನೂ ನಿಲ್ಲದ ಬಿ ಮೋಟಾರುಗಳನ್ನು ಯಾಕೆ ವಾಪಸ್ ಮಾಡಬೇಕು ಅಂತ ಅವರು ಕೇಳುತ್ತಾರೆ. ಉತ್ತರ ಇಷ್ಟೇ: ತಣ್ಣಗಿದ್ದಾಗ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಬೇರ್ಪಡಿಸಲು ದಾರಿಯಿಲ್ಲ, ಗಿರಾಕಿಯ ತೋಟದಲ್ಲಿ ನಿಲ್ಲುವವರೆಗೆ ಕಾಯಲು ನಮ್ಮಿಂದ ಆಗುವುದಿಲ್ಲ.

ಪತ್ರ ಯಾವಾಗ ಕಳಿಸಬೇಕು? ಇಲ್ಲಿ ಬಹಳ ಜನ ಎಡವುತ್ತಾರೆ. ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಅವರ ಬೆನ್ನಿಗಿರುತ್ತದೆ. ಮಾಲು ಬಂದ 15 ದಿನದೊಳಗೆ ನೀವು ಲಿಖಿತವಾಗಿ ತಕರಾರು ಹೇಳದಿದ್ದರೆ, ಹಣ ಕೊಡುವ ಲೆಕ್ಕಕ್ಕೆ ಮಾಲನ್ನು ಒಪ್ಪಿಕೊಂಡಿದ್ದೀರಿ ಅಂತಲೇ ಆಗುತ್ತದೆ. ಕರಾರಿನಲ್ಲಿ ಎಷ್ಟೇ ಬರೆದಿದ್ದರೂ ಹಣ ಕೊಡಲು 45 ದಿನಕ್ಕಿಂತ ಜಾಸ್ತಿ ಗಡುವು ಇಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 15 ದಿನದೊಳಗೆ ಬರೆದು ತಕರಾರು ಹೇಳಿದ್ದರೆ, ಆ ತಕರಾರನ್ನು ಅವರು ಬಗೆಹರಿಸಿದ ದಿನದಿಂದ ಲೆಕ್ಕ ಶುರು. ಹಾಗಾಗಿ ಎಲ್ಲಾ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಮೊದಲ ಗಾಡಿ ನಿಂತ ದಿನವೇ "ಇಂಥ ದೋಷ ಕಂಡಿದೆ, ಪರೀಕ್ಷೆ ನಡೆಯುತ್ತಿದೆ, ಮಾಲನ್ನು ಒಪ್ಪಿಕೊಂಡಿಲ್ಲ" ಅಂತ ನಾಲ್ಕು ಸಾಲಿನ ಇಮೇಲ್ ಹೋಗಲಿ. ಪೂರ್ತಿ ಪತ್ರ ಆಮೇಲೆ. ಫೋನಿನಲ್ಲಿ ಹೇಳಿದ್ದು, ವಾಯ್ಸ್ ಮೆಸೇಜ್ ಹಾಕಿದ್ದು ಲಿಖಿತ ತಕರಾರು ಅಂತ ಸಾಧಿಸಲು ಹೋಗಿ ಸುಸ್ತಾಗಬೇಡಿ.

ಇನ್ನೊಂದು 1930ರ ಸರಕು ಮಾರಾಟ ಕಾಯ್ದೆ. ಪರೀಕ್ಷಿಸಿ ನೋಡುವ ಹಕ್ಕು ನಿಮಗಿದೆ. ಆದರೆ ತಕರಾರು ಹೇಳದೆ ಜಾಸ್ತಿ ದಿನ ಇಟ್ಟುಕೊಂಡರೆ, ಅಥವಾ ಮಾಲು ನಿಮ್ಮದೇ ಅನ್ನುವ ಹಾಗೆ ಬಳಸಿದರೆ, ಒಪ್ಪಿಕೊಂಡ ಹಾಗೆ. ಗಾಡಿಗೆ ಕಟ್ಟಿ ಗಿರಾಕಿಗೆ ಮಾರಿದ ಮೋಟಾರ್ ಆ ಲೆಕ್ಕಕ್ಕೆ ಬರುತ್ತದೆ. ಅದನ್ನು "ತಿರಸ್ಕರಿಸಿದ್ದೇನೆ" ಅನ್ನುವುದು ಕಷ್ಟ, ಅದಕ್ಕೆ ಬದಲಿ ಮತ್ತು ನಷ್ಟ ಕೇಳಬಹುದು. ಒಂದೇ ಆರ್ಡರಿನಲ್ಲಿ ಅರ್ಧ ಒಪ್ಪಿ ಅರ್ಧ ಬಿಡುವುದಕ್ಕೂ ಕರಾರು ಹೇಗಿದೆ ಅನ್ನುವುದರ ಮೇಲೆ ತೊಡಕು ಬರಬಹುದು. ಅದಕ್ಕೇ ಪತ್ರದಲ್ಲಿ ಕಟ್ಟಿದ ಮೋಟಾರು, ಕಟ್ಟದ ಮೋಟಾರು ಅಂತ ಬೇರೆ ಬೇರೆ ಬರೆಯಬೇಕು.

ಹಣದ ಲೆಕ್ಕ ನೋಡಿ. ಒಂದು ಮೋಟಾರಿಗೆ 7,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ. 18 ಎ ಮೋಟಾರಿಗೆ 1,48,680 ಆಗುತ್ತದೆ, 22 ಬಿ ಮೋಟಾರಿಗೆ 1,81,720. ಅಡ್ವಾನ್ಸ್ 1,50,000 ಕೊಟ್ಟಾಗಿದೆ. ಅಂದರೆ ತಕರಾರಿಲ್ಲದ ಮಾಲಿನ ಹಣ ಪೂರ್ತಿ ಹೋಗಿದೆ, ನಿಂತಿರುವುದು ತಕರಾರಿನ ಮಾಲಿನದ್ದು ಮಾತ್ರ. ಇದನ್ನು ಪತ್ರದಲ್ಲಿ ಹೇಳಲೇಬೇಕು. ಇಲ್ಲದಿದ್ದರೆ "ದುಡ್ಡು ಕೊಡಲು ಆಗದೆ ನೆಪ ಹೇಳುತ್ತಿದ್ದಾರೆ" ಅನ್ನುತ್ತಾರೆ.

ಇಷ್ಟು ಕೈಯಲ್ಲಿದ್ದರೆ ಪತ್ರ ತಾನಾಗಿಯೇ ಬರುತ್ತದೆ. ದಿನಾಂಕ, ಬಿಲ್ ನಂಬರ್ ನಿಮ್ಮದು ಹಾಕಿಕೊಳ್ಳಿ.

> ಮಾನ್ಯರೇ,
>
> ವಿಷಯ: ನಿಮ್ಮ ಬಿಲ್ಲಿನ 40 ಬಿಎಲ್‌ಡಿಸಿ ಮೋಟಾರುಗಳಲ್ಲಿ 'ಬಿ' ಸರಣಿಯ 22 ಮೋಟಾರುಗಳ ದೋಷ ಮತ್ತು ಬದಲಿ ಕೋರಿಕೆ.
>
> ಈ ಮೋಟಾರುಗಳು ನಮಗೆ ತಲುಪಿದ ದಿನಾಂಕ, ಮತ್ತು ದೋಷದ ಬಗ್ಗೆ ನಾವು ಕಳಿಸಿದ ಮೊದಲ ಇಮೇಲಿನ ದಿನಾಂಕ ಮೇಲೆ ಇದೆ. ಆ ತಕರಾರು ಮುಂದುವರಿದಿದೆ.
>
> ದೋಷ: 300 ಕಿಲೋ ಹೊರೆಯಲ್ಲಿ 25ರಿಂದ 40 ನಿಮಿಷ ಓಡಿದ ಮೇಲೆ ಮೋಟಾರ್ ಜರ್ಕ್ ಹೊಡೆದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಒಂದು ಹಾಲ್ ಸಿಗ್ನಲ್ 5 ವೋಲ್ಟಿನಲ್ಲೇ ನಿಂತಿರುತ್ತದೆ, ಉಳಿದೆರಡು ಸರಿಯಾಗಿ ಬದಲಾಗುತ್ತವೆ, 5 ವೋಲ್ಟ್ ಸಪ್ಲೈ ಸರಿಯಾಗಿರುತ್ತದೆ. ಅರ್ಧ ಗಂಟೆ ಆರಿದರೆ ಮೂರೂ ಸರಿಯಾಗುತ್ತವೆ. ತಣ್ಣಗಿರುವಾಗ ಪರೀಕ್ಷಿಸಿದರೆ ಈ ದೋಷ ಕಾಣುವುದಿಲ್ಲ.
>
> ಬ್ಯಾಟರಿ ಕರೆಂಟ್ ಸರಾಸರಿ 19 ಆಂಪಿಯರ್. ನಿಂತಾಗ ವೈಂಡಿಂಗ್ ಬಿಸಿ, ರೆಸಿಸ್ಟೆನ್ಸ್ ಲೆಕ್ಕದಲ್ಲಿ, ಸುಮಾರು 80 ಡಿಗ್ರಿ. ಸ್ಟಿಕರ್ ಪ್ರಕಾರ ಮೋಟಾರ್ ಕ್ಲಾಸ್ ಬಿ. ಬಿಸಿ ಮೋಟಾರನ್ನು ಬೇರೆ ತಣ್ಣಗಿನ ಕಂಟ್ರೋಲರಿಗೆ ಹಾಕಿದರೂ ಓಡಲಿಲ್ಲ. ಅದೇ ಬಿಸಿ ಕಂಟ್ರೋಲರ್ ಬೇರೆ ಮೋಟಾರನ್ನು ಓಡಿಸಿತು.
>
> 24 ಮೋಟಾರುಗಳನ್ನು ಪರೀಕ್ಷಿಸಿದ್ದೇವೆ. 'ಎ' ಸರಣಿಯ 11ರಲ್ಲಿ ದೋಷವಿಲ್ಲ. 'ಬಿ' ಸರಣಿಯ 13ರಲ್ಲಿ 9ಕ್ಕೆ ದೋಷವಿದೆ. ಕ್ರಮಸಂಖ್ಯೆಗಳ ಪಟ್ಟಿ ಮತ್ತು ವಿಡಿಯೋ ಲಗತ್ತಿಸಿದೆ. ಯಾವ ಮೋಟಾರನ್ನೂ ನಾವು ಬಿಚ್ಚಿಲ್ಲ. ಸೆನ್ಸರಿನ ದರ್ಜೆ ಅಥವಾ ಒಳಗಿನ ಬೆಸುಗೆಯ ಬಗ್ಗೆ ನಮಗೆ ಅನುಮಾನವಿದೆ, ಅದನ್ನು ನೀವು ಬಿಚ್ಚಿ ನೋಡಿ ತಿಳಿಸಬೇಕು.
>
> ಕಟ್ಟದೆ ಉಳಿದಿರುವ 15 'ಬಿ' ಮೋಟಾರುಗಳನ್ನು ನಾವು ಒಪ್ಪಿಕೊಂಡಿಲ್ಲ. ಅವು ಸುರಕ್ಷಿತವಾಗಿವೆ, ನೀವು ತರಿಸಿಕೊಳ್ಳಬಹುದು. ಗಾಡಿಗೆ ಕಟ್ಟಿರುವ 7 'ಬಿ' ಮೋಟಾರುಗಳನ್ನು ವಾರಂಟಿಯಲ್ಲಿ ಬದಲಿಸಿ, ಬಿಚ್ಚಿ ಕಟ್ಟುವ ಮತ್ತು ಸಾಗಿಸುವ ಖರ್ಚು ಕೊಡಬೇಕು. ಪತ್ರ ತಲುಪಿದ 15 ದಿನದೊಳಗೆ 22 ಬದಲಿ ಮೋಟಾರ್ ಕಳಿಸಿ. ಆಗದಿದ್ದರೆ 1,81,720 ರೂಪಾಯಿಗೆ ಕ್ರೆಡಿಟ್ ನೋಟ್ ಕೊಡಿ.
>
> 'ಎ' ಸರಣಿಯ ಬಾಬ್ತು 1,48,680 ರೂಪಾಯಿ ನಮ್ಮ ಅಡ್ವಾನ್ಸಿನಲ್ಲಿ ಪೂರ್ತಿ ಸಂದಾಯವಾಗಿದೆ. ಬಾಕಿ ಹಣ ಈ ತಕರಾರು ಬಗೆಹರಿದ ಕೂಡಲೇ ಕೊಡುತ್ತೇವೆ. ನಿಮ್ಮ ಇಂಜಿನಿಯರ್ ಬಂದರೆ ಅವರ ಮುಂದೆಯೇ ಪರೀಕ್ಷೆ ಮಾಡಿ ತೋರಿಸುತ್ತೇವೆ.
>
> ಇಂತಿ ನಿಮ್ಮ ವಿಶ್ವಾಸಿ

ಇಮೇಲಿನಲ್ಲೂ ಕಳಿಸಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಪತ್ರದಲ್ಲಿ ಬೈಗುಳವಿಲ್ಲ, ಕೋರ್ಟಿನ ಮಾತೂ ಇಲ್ಲ. ಬೇಕಾದರೆ ಅದು ಎರಡನೇ ಪತ್ರಕ್ಕೆ, ವಕೀಲರ ಕೈಯಲ್ಲಿ. ಬಹುತೇಕ ಸಪ್ಲೈಯರ್‌ಗಳಿಗೆ ನಿಮ್ಮ ಮುಂದಿನ ಆರ್ಡರ್ ಬೇಕಿರುತ್ತದೆ, ಅಷ್ಟು ದೂರ ಹೋಗುವುದಿಲ್ಲ.

ಇದಕ್ಕೆ ಮೊದಲು ಬರುವ ಉತ್ತರ "ಮಾಲು ಕಳಿಸಿ, ಚೆಕ್ ಮಾಡ್ತೀವಿ". ಕಳಿಸಿ, ಆದರೆ ಕೆಟ್ಟ ಒಂಬತ್ತನ್ನೂ ಒಟ್ಟಿಗೆ ಕಳಿಸಬೇಡಿ. ಮೂರು ಕಳಿಸಿ, ಉಳಿದದ್ದು ಸಾಕ್ಷಿಗೆ ನಿಮ್ಮಲ್ಲಿರಲಿ. ಬಾಕ್ಸಿನೊಳಗೆ ಪರೀಕ್ಷೆಯ ವಿಧಾನ ಬರೆದ ಹಾಳೆ ಹಾಕಿ: ಎಷ್ಟು ಕರೆಂಟಿನಲ್ಲಿ, ಎಷ್ಟು ಹೊತ್ತು, ಯಾವ ವೈರ್ ನೋಡಬೇಕು. ಡೆಲಿವರಿ ಚಲನ್‌ನಲ್ಲಿ ಕ್ರಮಸಂಖ್ಯೆ ಬರೆಯಿರಿ, ಟ್ರಾನ್ಸ್‌ಪೋರ್ಟಿನವರ ರಸೀದಿ ಇಟ್ಟುಕೊಳ್ಳಿ. ಮುಂದೆ 15 ಒಟ್ಟಿಗೆ ಹೋಗುವಾಗ ಬೆಲೆ 50,000 ದಾಟುತ್ತದೆ, ಮಾರಾಟವಲ್ಲದಿದ್ದರೂ ಇ-ವೇ ಬಿಲ್ ಬೇಕು. ಅವರು ಬದಲಿ ಬಿಟ್ಟು ಕ್ರೆಡಿಟ್ ನೋಟ್ ಕೊಟ್ಟರೆ, ಅಷ್ಟು ಮೊತ್ತದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ನಿಮ್ಮ ಕಡೆಯಿಂದ ವಾಪಸ್ ಹೋಗುತ್ತದೆ ಅನ್ನುವುದನ್ನು ಅಕೌಂಟೆಂಟಿಗೆ ಮೊದಲೇ ಹೇಳಿಡಿ.

ಕೆಲವು ಸಲ ಸಪ್ಲೈಯರ್ "ಹೊಸ ಮೋಟಾರ್ ಬೇಡ, ಅವನ್ನೇ ರಿಪೇರಿ ಮಾಡಿಕೊಡ್ತೀವಿ" ಅನ್ನುತ್ತಾರೆ. ಹಾಲ್ ಸೆನ್ಸರಿನ ಬೆಲೆ ಕೆಲವೇ ರೂಪಾಯಿ, ಬಿಚ್ಚಿ ಅಂಟು ತೆಗೆದು ಹೊಸದು ಕೂರಿಸುವ ಕೂಲಿಯೇ ಜಾಸ್ತಿ. ಒಪ್ಪಬಹುದು, ತಪ್ಪೇನಿಲ್ಲ. ಆದರೆ ಮೂರೂ ಸೆನ್ಸರ್ ಬದಲಿಸಬೇಕು ಅಂತ ಬರೆದು ಕೇಳಿ. ಮೂರೂ ಒಂದೇ ಲಾಟಿನವು, ಇವತ್ತು ಹಸಿರಿನದು ಹೋದರೆ ಮಳೆಗಾಲ ಮುಗಿಯುವಷ್ಟರಲ್ಲಿ ನೀಲಿಯದೂ ಹೋಗಬಹುದು. ರಿಪೇರಿಯಾದ ದಿನದಿಂದ ವಾರಂಟಿ ಹೊಸದಾಗಿ ಶುರುವಾಗಬೇಕು ಅಂತಲೂ ಸೇರಿಸಿ. ವಾಪಸ್ ಬಂದದ್ದನ್ನು, ಅದು ಹೊಸದೇ ಆಗಿರಲಿ ರಿಪೇರಿಯದೇ ಆಗಿರಲಿ, ಅದೇ ಚೀಲ ಹೇರಿ ಒಂದು ಗಂಟೆ ಓಡಿಸಿ, ಬಿಸಿಯಲ್ಲೇ ಮೂರೂ ಸಿಗ್ನಲ್ ನೋಡಿದ ಮೇಲೆ ಗಾಡಿಗೆ ಕಟ್ಟಿ.